ಹೊನ್ನಕ್ಕ ಗಾಡಿಯಿಂದ ಹಾರಿದ್ದು

ಹಳೇಕೋಟೆಯ ಹೊನ್ನಕ್ಕ ಗಾಡಿ ಹೊಡೆಯುವುದನ್ನು ಕಲಿತದ್ದು ಶೋಕಿಗಲ್ಲ. ಮದುವೆಯಾದ ನಾಲ್ಕನೇ ವರ್ಷ ಅವಳ ಗಂಡ ಬೈರಯ್ಯ ತೆಂಗಿನಮರದಿಂದ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡ. ನಡೆಯುತ್ತಿದ್ದ, ಗದ್ದೆಯಲ್ಲಿ ಕೆಲಸವನ್ನೂ ಮಾಡುತ್ತಿದ್ದ. ಗಾಡಿಯ ಕುಲುಕಾಟವೊಂದನ್ನು ಮಾತ್ರ ಆ ಸೊಂಟ ತಡೆಯುತ್ತಿರಲಿಲ್ಲ. ಬಾಡಿಗೆ ಗಾಡಿಯೇ ಆ ಮನೆಯ ಅರ್ಧ ಅನ್ನ. ಒಂದು ಬೆಳಗ್ಗೆ ಹೊನ್ನಕ್ಕ ಸೀರೆಯನ್ನು ಮೇಲೆ ಕಟ್ಟಿ, ಕೆಂದ ಮತ್ತು ಮೈಲ ಎಂಬ ತಮ್ಮ ಎರಡು ಎತ್ತುಗಳನ್ನು ನೊಗಕ್ಕೆ ಹೂಡಿ, ಊರವರೆಲ್ಲ ನೋಡುತ್ತಿದ್ದಂತೆಯೇ ತೆಂಗಿನಕಾಯಿ ಹೇರಿಕೊಂಡು ಹೊಳೆನರಸೀಪುರದ ಮಂಡಿಗೆ ಹೊರಟಳು. ಮೊದಮೊದಲು ನಕ್ಕವರು ಒಂದು ವರ್ಷ ಕಳೆಯುವುದರೊಳಗೆ ಅವಳನ್ನೇ ಬಾಡಿಗೆಗೆ ಕರೆಯತೊಡಗಿದರು. ಚನ್ನರಾಯಪಟ್ಟಣದ ಸಂತೆ, ನುಗ್ಗೇಹಳ್ಳಿಯ ಕಡೆಯ ಕಲ್ಲುದಾರಿ, ಅರಕಲಗೂಡಿನ ಏರುತಗ್ಗು, ಎಲ್ಲವೂ ಅವಳ ಚಕ್ರಕ್ಕೆ ಗೊತ್ತಾದವು. ಅವಳು ಚಾವಟಿ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಎತ್ತುಗಳ ಜೊತೆ ಮಾತಾಡುತ್ತಿದ್ದಳು. ದನಿ ಏರಿಸಿದರೆ ಓಟ, ಇಳಿಸಿದರೆ ನಡಿಗೆ, ನಾಲಿಗೆಯನ್ನು ಲೊಚಗುಟ್ಟಿಸಿದರೆ ಎಡಕ್ಕೆ.

ಅರವತ್ತಾರನೇ ಇಸವಿಯ ಕೊನೆಯಲ್ಲಿ, ರಾಗಿ ಕಟಾವು ಮುಗಿದು ಬಯಲೆಲ್ಲ ಬೋಳಾಗಿದ್ದಾಗ, ಹೊಳೆನರಸೀಪುರಕ್ಕೆ ಒಂದು ಕಂಪನಿ ಬಂದು ಇಳಿಯಿತು. ಲಂಡನ್ನಿನವರಂತೆ. ನಾಲ್ಕು ಜೀಪು, ಎರಡು ಲಾರಿ, ಬಿಸಿಲಿಗೆ ಕೆಂಪಾದ ಆರೇಳು ಬಿಳಿಯರು, ಬೊಂಬಾಯಿಯ ನಾಯಕಿ, ಮದ್ರಾಸಿನಿಂದ ಬಂದ ಹೊಡೆದಾಟದವರ ತಂಡ. ಹೇಮಾವತಿ ದಂಡೆಯಲ್ಲಿ ಡೇರೆ ಹಾಕಿ ಅವರು ತೆಗೆಯಲಿದ್ದದ್ದು ಸಿನಿಮಾ ಅಲ್ಲ, ಟೆಲಿವಿಷನ್ ಧಾರಾವಾಹಿ. ಹದಿಮೂರು ಕಂತಿನ ಕಥೆ. ಒಬ್ಬ ದೊರೆಯ ಮಗನೂ ಒಬ್ಬಳು ರೈತರ ಹುಡುಗಿಯೂ ಸೇರಿ ವಿಗ್ರಹ ಕದಿಯುವ ಕಳ್ಳರನ್ನು ಹಿಡಿಯುವುದು.

ಟೆಲಿವಿಷನ್ ಅಂದರೆ ಏನೆಂದು ಆ ಸುತ್ತಿನಲ್ಲಿ ಕಂಡವರಿರಲಿಲ್ಲ. ಮದ್ರಾಸು ತಂಡದ ಹಿರಿಯ, ಸ್ಟಂಟ್ ಮಾಸ್ಟರ್ ತಮ್ಮಯ್ಯ, ಗಾಡಿ ಗೊತ್ತುಮಾಡಲು ಹಳೇಕೋಟೆಗೆ ಬಂದವನು ಬೈರಯ್ಯನ ಜಗಲಿಯಲ್ಲಿ ಕೂತು ಅದನ್ನು ವಿವರಿಸಿದ. ಅವನು ಕೊಳ್ಳೇಗಾಲದ ಕಡೆಯವನು, ಇಪ್ಪತ್ತು ವರ್ಷದಿಂದ ಮದ್ರಾಸಿನಲ್ಲಿದ್ದ. ಬಲಗಾಲು ಕುಂಟು. ರೇಡಿಯೋದಂಥ ಒಂದು ಪೆಟ್ಟಿಗೆ, ಅದರ ಮುಖದಲ್ಲಿ ಗಾಜು, ಗಾಜಿನಲ್ಲಿ ಬೊಂಬೆಗಳು ಓಡಾಡುತ್ತವೆ, ವಾರಕ್ಕೊಂದು ದಿನ ಕಥೆಯ ಒಂದು ತುಂಡನ್ನು ಜನ ಮನೆಯಲ್ಲೇ ಕೂತು ನೋಡುತ್ತಾರೆ ಎಂದ.

“ಮನೇಲೇ ಕೂತ್ಕಂಡು ನೋಡಾದಾದ್ರೆ ಟೆಂಟ್ ಸಿನ್ಮಾದೋನ ಗತಿ ಏನ್ ಸಾ?” ಎಂದ ಬೈರಯ್ಯ.

ತಮ್ಮಯ್ಯನಿಗೆ ಬೇಕಾಗಿದ್ದದ್ದು ಚುರುಕಾಗಿ ಓಡುವ ಒಂದು ಜೋಡಿ ಎತ್ತು. ಕಥೆಯ ನಾಲ್ಕನೇ ಕಂತಿನಲ್ಲಿ ಹುಡುಗಿ ಗಾಡಿಯಲ್ಲಿ ಪರಾರಿಯಾಗುತ್ತಾಳೆ, ಕಳ್ಳರು ಜೀಪಿನಲ್ಲಿ ಅಟ್ಟಿಸಿಕೊಂಡು ಬರುತ್ತಾರೆ. ಕೊನೆಗೆ ಚಕ್ರ ಕಳಚಿ ಗಾಡಿ ಮಗುಚುತ್ತದೆ, ಅಷ್ಟರಲ್ಲಿ ಹುಡುಗಿ ಹಾರಿಕೊಂಡಿರುತ್ತಾಳೆ. ಕೆಂದ ಮತ್ತು ಮೈಲನನ್ನು ನೋಡಿದ ಕೂಡಲೇ ಇವೇ ಸೈ ಎಂದು ಅವನು ಮಾತು ಮುಗಿಸಿದ.

ಮಾರನೆಯ ದಿನ ಹೊಳೆಯಾಚೆಯ ಮಣ್ಣುರಸ್ತೆಯಲ್ಲಿ ಚಿತ್ರೀಕರಣ. ಬೊಂಬಾಯಿಯ ನಾಯಕಿ ಗಾಡಿಯ ಮೇಲೆ ಕೂತು ಹಗ್ಗ ಹಿಡಿದು ನಗುವಷ್ಟನ್ನು ತೆಗೆದುಕೊಂಡು ಅವಳನ್ನು ಕೊಡೆಯ ನೆರಳಿಗೆ ಕಳಿಸಿದರು. ಓಡಿಸುವ ಕೆಲಸ ಡ್ಯೂಪಿನದು, ಅಂದರೆ ನಾಯಕಿಯ ಬದಲು ಅವಳ ವೇಷ ಹಾಕಿಕೊಂಡು ಅಪಾಯದ ಭಾಗವನ್ನು ಮಾಡುವವರದು. ಆ ಕಾಲಕ್ಕೆ ಹೆಂಗಸರ ಡ್ಯೂಪು ಗಂಡಸರೇ. ಶಿವಯ್ಯ ಎಂಬ ಸಣ್ಣ ಮೈಕಟ್ಟಿನ ಹುಡುಗ ಮೀಸೆ ಬೋಳಿಸಿ, ಜಡೆಯ ಟೋಪನ್ನು ತಲೆಗಿಟ್ಟು, ಹಸಿರು ಸೀರೆಯುಟ್ಟು ಬಂದ. ರಸ್ತೆಯ ಬದಿಯಲ್ಲಿದ್ದ ಹೊನ್ನಕ್ಕನ ಅತ್ತೆ ಮಲ್ಲಿಗಮ್ಮ ಅವನನ್ನು ಹೆಣ್ಣೆಂದೇ ತಿಳಿದು, ಪಾಪ, ಈ ಮಗಿಗೆ ಎದೆಹಾಲು ಸಾಲದೆ ಒಣಗಿಹೋಗಿದೆ ಎಂದು ಮರುಗಿದಳು.

ಶಿವಯ್ಯ ಮೇಲಿನ ಮಾಳಿಗೆಯಿಂದ ಹಾರಬಲ್ಲವನು, ಕುದುರೆಯಿಂದ ಬೀಳಬಲ್ಲವನು. ಆದರೆ ಎತ್ತು ಅವನಿಗೆ ಹೊಸದು. ಅವನು ಹೈ ಅಂದರೆ ಕೆಂದ ಹಿಂತಿರುಗಿ ನೋಡಿತು. ಹಗ್ಗ ಎಳೆದರೆ ಮೈಲ ನಿಂತೇಬಿಟ್ಟಿತು. ಬಿಳಿ ಟೊಪ್ಪಿಯ ಡೈರೆಕ್ಟರ್ ಗಡಿಯಾರ ನೋಡಿಕೊಳ್ಳತೊಡಗಿದ. ಆಗ ಹೊನ್ನಕ್ಕ ತಮ್ಮಯ್ಯನ ಹತ್ತಿರ ಬಂದು, ತಾನು ಗಾಡಿಯೊಳಗೆ ಚಾಪೆಯಡಿ ಮಲಗಿಕೊಂಡು ಮಾತಾಡಿದರೆ ಎತ್ತು ಓಡುತ್ತವೆ, ಮೇಲೆ ಯಾರು ಬೇಕಾದರೂ ಕೂತಿರಲಿ ಎಂದಳು.

ಹಾಗೇ ಮಾಡಿದರು. ಹೊನ್ನಕ್ಕ ಗಾಡಿಯ ಹಲಗೆಯ ಮೇಲೆ ಬೋರಲು ಮಲಗಿ, ಚಾಪೆಯ ಸಂದಿಯಿಂದ ಎತ್ತುಗಳ ಬೆನ್ನನ್ನು ಮಾತ್ರ ನೋಡುತ್ತ, “ಬಾ ನನ್ ದೊರೆ, ಬಾ ಕೆಂದ” ಎಂದು ದನಿಯೇರಿಸಿದಳು. ಎತ್ತುಗಳು ಬಾಲ ಎತ್ತಿ ಹೊರಟವು. ಮೇಲೆ ಶಿವಯ್ಯ ಸೆರಗು ಹಾರಿಸಿಕೊಂಡು ಸುಳ್ಳು ಹಗ್ಗ ಆಡಿಸುತ್ತಿದ್ದ. ಎರಡು ದಿನ ಹೀಗೇ ನಡೆಯಿತು. ಶಬ್ದವನ್ನು ಆಮೇಲೆ ಸೇರಿಸುತ್ತಿದ್ದರಿಂದ ಅವಳ ಮಾತಿಗೆ ಅಡ್ಡಿಯಿರಲಿಲ್ಲ.

ಆ ಎರಡು ದಿನದಲ್ಲಿ ಹೊನ್ನಕ್ಕ ಬಹಳ ಕಂಡಳು. ಕಳ್ಳರ ಜೀಪು ಗಾಡಿಯ ಬೆನ್ನಿಗೇ ಬರುತ್ತದೆಂದು ಅವಳು ಹೆದರಿದ್ದಳು. ಅದು ಮೂವತ್ತು ಗಜ ಹಿಂದೆ, ಗಾಡಿಯ ಜಾಡಿನಲ್ಲೂ ಅಲ್ಲ, ಒಂದು ಬದಿಗೆ ಸರಿದು ಬರುತ್ತಿತ್ತು. ಮೇಲಿನವರು ಬಿದ್ದರೂ ಜೀಪು ಅವರ ಮೇಲೆ ಹಾಯಬಾರದು. ದೂರದಲ್ಲಿ ಎದುರಿಗೆ ನಿಂತ ಕ್ಯಾಮೆರಾಕ್ಕೆ ಉದ್ದನೆಯ ಲೆನ್ಸ್ ಹಾಕಿದ್ದರು. ಅದರಲ್ಲಿ ಕಣ್ಣಿಟ್ಟು ನೋಡಲು ತಮ್ಮಯ್ಯ ಅವಳನ್ನು ಕರೆದಾಗ, ಅಲ್ಲೇ ನಿಲ್ಲಿಸಿದ್ದ ಗಾಡಿಯ ಬಾಲಕ್ಕೆ ಜೀಪಿನ ಮೂತಿ ತಾಗಿದ ಹಾಗೆ ಕಂಡು ಅವಳು ಕಣ್ಣು ಹಿಂದೆಗೆದು ರಸ್ತೆ ನೋಡಿದಳು, ಮತ್ತೆ ಕಣ್ಣಿಟ್ಟಳು. ಇನ್ನು ಓಟದ ಗುಟ್ಟು ಬೇರೆ. ಕ್ಯಾಮೆರಾವನ್ನು ತುಸು ನಿಧಾನಕ್ಕೆ ಓಡಿಸಿ ಹಿಡಿದು, ತೋರಿಸುವಾಗ ಮಾಮೂಲು ವೇಗದಲ್ಲಿ ತೋರಿಸಿದರೆ ಎತ್ತುಗಳು ಕುದುರೆಯ ಹಾಗೆ ಹಾರಿ ಬಂದಂತೆ ಕಾಣುತ್ತದೆ. ಅದಕ್ಕೇ ಎತ್ತುಗಳಿಗೆ ಸುಸ್ತಾಗುವಷ್ಟು ಓಡಿಸಬೇಕಾಗಿಲ್ಲ ಎಂದು ತಿಳಿದು ಅವಳಿಗೆ ಸಮಾಧಾನವಾಯಿತು.

ಹೊಡೆದಾಟವನ್ನೂ ಕಂಡಳು. ಶಿವಯ್ಯನೂ ಇನ್ನೊಬ್ಬನೂ ಗುದ್ದಾಡುವಾಗ ಮುಷ್ಟಿಗೂ ದವಡೆಗೂ ನಡುವೆ ಒಂದು ಗೇಣು ಜಾಗ ಇರುತ್ತಿತ್ತು. ಕ್ಯಾಮೆರಾ ಒಬ್ಬನ ಹೆಗಲ ಹಿಂದೆ ನಿಂತಿದ್ದರಿಂದ ಆ ಗೇಣು ಅದಕ್ಕೆ ಕಾಣುತ್ತಿರಲಿಲ್ಲ. ಹೊಡೆಯುವವನಿಗಿಂತ ಹೊಡೆಸಿಕೊಳ್ಳುವವನದೇ ಹೆಚ್ಚು ಕೆಲಸ, ಮುಷ್ಟಿ ದಾಟುವ ಗಳಿಗೆಗೆ ಸರಿಯಾಗಿ ತಲೆ ಎಸೆಯಬೇಕು. ಅವರು ಎಣಿಸಿಕೊಂಡು ಹೊಡೆದಾಡುತ್ತಿದ್ದರು, ಹುಡುಗಿಯರು ಕೋಲಾಟ ಆಡುವ ಹಾಗೆ. ಮೊದಲು ನಿಧಾನಕ್ಕೆ, ಆಮೇಲೆ ಅರ್ಧ ವೇಗದಲ್ಲಿ, ಕೊನೆಗೆ ಪೂರ್ತಿ. ಬೈರಯ್ಯ ಇದನ್ನು ನೋಡಿ ಬಂದವನು ಮನೆಯಲ್ಲಿ ಅಭ್ಯಾಸ ಮಾಡಲು ಹೋಗಿ ಕಂಬಕ್ಕೆ ಕೈ ಬಡಿದುಕೊಂಡ.

ಮೂರನೆಯ ದಿನ ಗಾಡಿಯಿಂದ ಹಾರುವ ದೃಶ್ಯವಿತ್ತು. ಅಂದೇ ಶಿವಯ್ಯನಿಗೆ ಹೊಟ್ಟೆ ಕೆಟ್ಟಿತು. ಹಿಂದಿನ ದಿನ ಹೊಳೆನರಸೀಪುರದಲ್ಲಿ ಯಾರೋ ಪಂಥ ಕಟ್ಟಿದರೆಂದು ಇಪ್ಪತ್ತೆಂಟು ಬೋಂಡ ತಿಂದಿದ್ದನಂತೆ. ಡೇರೆಯಿಂದ ಹೊರಬರುವುದು, ಚೊಂಬು ಹಿಡಿದು ಓಡುವುದು, ಇಷ್ಟೇ ಅವನ ಕೆಲಸವಾಯಿತು. ತಂಡದಲ್ಲಿ ಉಳಿದವರು ಯಾರಿಗೂ ಆ ಸೀರೆಯ ವೇಷ ಒಪ್ಪುತ್ತಿರಲಿಲ್ಲ. ಒಬ್ಬೊಬ್ಬರೂ ಕಂಬದಂಥವರು.

ತಮ್ಮಯ್ಯ ಹೊನ್ನಕ್ಕನನ್ನು ನೋಡಿದ. ನಾಯಕಿಯಷ್ಟೇ ಎತ್ತರ, ಅಷ್ಟೇ ತೆಳುವು. ಅವನು ಕೇಳುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಮನೆಯವರನ್ನು ಕೇಳಬೇಕು ಎಂದಳು.

ಮನೆಯಲ್ಲಿ ಬೈರಯ್ಯ ಒಪ್ಪಲಿಲ್ಲ. ಬಿದ್ದರೆ ಏನಾಗುತ್ತದೆಂಬುದನ್ನು ಅವನಷ್ಟು ಬಲ್ಲವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಊರವರು ಏನನ್ನುತ್ತಾರೋ ಎಂಬುದು ಅವನಿಗೆ ದೊಡ್ಡ ವಿಷಯವಲ್ಲ, ಗಾಡಿ ಹೊಡೆಯುವ ಹೆಂಗಸಿನ ಗಂಡನಾಗಿ ಅದೆಲ್ಲ ಅವನಿಗೆ ರೂಢಿಯಾಗಿತ್ತು. ಅವನ ಭಯ ಸೊಂಟದ್ದು. ಮಾತು ಮುಂದುವರಿಸಿದವಳು ಮಲ್ಲಿಗಮ್ಮ. ಆ ಒಣಕಲು ಹುಡುಗಿ ದಿನಾ ಬೀಳುತ್ತಿದ್ದರೂ ಅದಕ್ಕೆ ಏನೂ ಆಗಿಲ್ಲ, ಅವರು ಬೀಳಿಸುವುದರಲ್ಲಿ ಏನೋ ಕ್ರಮ ಇಟ್ಟಿದ್ದಾರೆ, ಆ ಕ್ರಮವನ್ನು ಹೋಗಿ ನೋಡಿ ಆಮೇಲೆ ಬೇಡ ಅನ್ನು ಎಂದು ಮಗನನ್ನು ಕರೆದುಕೊಂಡೇ ಹೊರಟಳು.

ತಮ್ಮಯ್ಯ ಬೈರಯ್ಯನಿಗೆ ಎಲ್ಲವನ್ನೂ ತೋರಿಸಿದ. ಹಾರುವ ಜಾಗದಲ್ಲಿ ರಸ್ತೆಯ ಪಕ್ಕಕ್ಕೆ ಮೊಣಕಾಲಾಳದ ಉದ್ದನೆಯ ಗುಂಡಿ ತೋಡಿದ್ದರು. ತೋಡಿದ ಮಣ್ಣನ್ನು ಜರಡಿ ಹಿಡಿದು ಕಲ್ಲು ಆರಿಸಿದ್ದರು. ಗುಂಡಿಯ ತಳಕ್ಕೆ ತೆಂಗಿನ ನಾರಿನ ಹಾಸಿಗೆಗಳು, ಅದರ ಮೇಲೆ ಭತ್ತದ ಹುಲ್ಲು, ಹುಲ್ಲಿನ ಮೇಲೆ ಬಣ್ಣ ಹೊಂದುವಷ್ಟು ತೆಳ್ಳಗೆ ಸಡಿಲ ಮಣ್ಣು. ದೂರದಿಂದ ನೋಡಿದರೆ ಬರೀ ರಸ್ತೆ. ಬೈರಯ್ಯ ಚಪ್ಪಲಿ ಬಿಟ್ಟು ಇಳಿದು, ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿ ತಡಕಿದ. ಆಮೇಲೆ ತಾನೇ ಮೆಲ್ಲಗೆ ಅದರ ಮೇಲೆ ಮಲಗಿ ನೋಡಿದ. ಎದ್ದವನು ಆಗಲಿ ಎಂದು ತಲೆಯಾಡಿಸಿದ.

ಆ ದಿನವೆಲ್ಲ ಕಲಿಕೆ. ಮೊದಲು ನೆಲದ ಮೇಲೆ ನಿಂತು ಬೀಳುವುದು. ಬೀಳುವಾಗ ಕೈ ಊರಬಾರದು, ಊರಿದರೆ ಮಣಿಕಟ್ಟು ಹೋಗುತ್ತದೆ. ಗದ್ದವನ್ನು ಎದೆಗೆ ಅಂಟಿಸಬೇಕು. ಮಂಡಿ ಮಡಿಸಿ ಪಾದದ ಮೇಲೆ ಇಳಿದು, ಇಳಿದ ಗಳಿಗೆಯಲ್ಲೇ ಹೆಗಲ ಮೇಲೆ ಉರುಳಿಕೊಳ್ಳಬೇಕು. ಆಮೇಲೆ ನಿಂತ ಗಾಡಿಯಿಂದ. ಆಮೇಲೆ ನಡೆಯುವ ಗಾಡಿಯಿಂದ. ಗಾಡಿ ಹೋಗುವ ದಿಕ್ಕಿಗೇ, ಚಕ್ರದಿಂದ ಆಚೆಗೆ ಹಾರಬೇಕು, ಹಿಂದಕ್ಕೆ ಎಂದೂ ಹಾರಬಾರದು. ಇದನ್ನು ಹೇಳಿಕೊಡುವಾಗ ಹೊನ್ನಕ್ಕನಿಗೆ ನಗು ಬಂತು. ಓಡುವ ಗಾಡಿಯಿಂದ ಹಿಂದಕ್ಕೆ ಇಳಿಯಬಾರದೆಂಬುದು ಅವಳಿಗೆ ಮೊದಲ ವಾರದಲ್ಲೇ ಮೊಣಕೈ ತರಚಿಕೊಂಡು ಗೊತ್ತಾಗಿತ್ತು.

ಅವಳೂ ಒಂದು ಮಾತು ಹೇಳಿದಳು. ನಾಯಕಿಯ ವೇಷದಂತೆ ಸೆರಗು ಇಷ್ಟುದ್ದ ಗಾಳಿಗೆ ಬಿಟ್ಟರೆ ಅದು ಚಕ್ರದ ಕಡ್ಡಿಗೆ ಸಿಕ್ಕಿಕೊಂಡು ಆಳನ್ನೇ ಒಳಕ್ಕೆ ಎಳೆಯುತ್ತದೆ. ತಮ್ಮಯ್ಯ ಅದನ್ನು ಯೋಚಿಸಿರಲಿಲ್ಲ, ಶಿವಯ್ಯನೂ ಯೋಚಿಸಿರಲಿಲ್ಲ. ಕೂಡಲೇ ಕಂಪನಿಯ ದರ್ಜಿಯನ್ನು ಕರೆಸಿ ಸೆರಗನ್ನು ಕತ್ತರಿಸಿ, ಹೆಗಲ ಹತ್ತಿರ ಎರಡೇ ಎರಡು ಸಡಿಲ ಹೊಲಿಗೆ ಹಾಕಿಸಿದರು. ಸ್ವಲ್ಪ ಎಳೆದರೆ ಸೆರಗು ಕಳಚಿ ಬರಬೇಕು. ಸೀರೆಯೊಳಗೆ ಮಂಡಿಗೆ, ಮೊಣಕೈಗೆ, ಸೊಂಟಕ್ಕೆ ಹತ್ತಿಯ ಮೆತ್ತೆ ಕಟ್ಟಿದರು. ಕನ್ನಡಿ ನೋಡಿಕೊಂಡ ಹೊನ್ನಕ್ಕ ತಾನು ಏಳು ತಿಂಗಳ ಬಸುರಿಯ ಹಾಗೆ ಕಾಣುತ್ತೇನೆಂದು ಅತ್ತೆಗೆ ಹೇಳಿದಳು.

ಇನ್ನೊಂದು ಕಟ್ಟಳೆಯಿತ್ತು. ಚಿತ್ರೀಕರಣದ ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ವರು ಕೆಂಪು ಬಟ್ಟೆ ಹಿಡಿದು ನಿಲ್ಲಬೇಕು. ಏನಾದರೂ ಸರಿಯಿಲ್ಲ ಎಂದು ಅನಿಸಿದರೆ ಬಟ್ಟೆ ಎತ್ತಬೇಕು. ಎತ್ತಿದ ಕೂಡಲೇ ಎಲ್ಲ ನಿಲ್ಲಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಎತ್ತಿದವರ ಅನುಮಾನ ಸುಳ್ಳಾದರೂ ಅವರನ್ನು ಬೈಯುವ ಹಾಗಿಲ್ಲ. ತಮ್ಮಯ್ಯ ಇದನ್ನು ಹೇಳುವಾಗ ತನ್ನ ಕುಂಟುಕಾಲನ್ನು ಮುಟ್ಟಿಕೊಂಡ. ಹತ್ತು ವರ್ಷದ ಹಿಂದೆ ಒಂದು ಕುದುರೆಯ ದೃಶ್ಯದಲ್ಲಿ, ತಾನು ಬೀಳಬೇಕಾದ ಗುಂಡಿಯಲ್ಲಿ ಡೇರೆಯ ಗೂಟವೊಂದು ಉಳಿದದ್ದನ್ನು ಕಂಡಿದ್ದನಂತೆ. ದೊಡ್ಡ ನಟರು ಕಾಯುತ್ತಿದ್ದರು, ನಿಲ್ಲಿಸಿ ಅನ್ನಲು ನಾಚಿಕೆಯಾಯಿತು.

“ಆ ಒಂದು ನಾಚ್ಕೆ ನನ್ನ ಮಂಡಿ ತಿಂತು ಕಣವ್ವ,” ಎಂದ.

ಮಾರನೆಯ ಬೆಳಗ್ಗೆ ಹೊನ್ನಕ್ಕ ಹಾರಿದಳು. ಈ ತುಣುಕಿನಲ್ಲಿ ಜೀಪು ಇರಲೇ ಇಲ್ಲ, ಅದು ದೂರದಲ್ಲಿ ಎಂಜಿನ್ ಆರಿಸಿ ನಿಂತಿತ್ತು. ಗುಂಡಿಯ ಆರಂಭಕ್ಕೆ ಗುರುತಾಗಿ ರಸ್ತೆಯಂಚಿನಲ್ಲಿ ಒಂದು ಎಕ್ಕದ ಗಿಡ ನೆಟ್ಟಿದ್ದರು. ಎಕ್ಕ ಮೈಲನ ಕೊಂಬಿಗೆ ಬರುತ್ತಲೇ ಅವಳು ಹಗ್ಗ ಬಿಡಬೇಕು, ಎದ್ದು ನಿಲ್ಲಬೇಕು, ಹಾರಬೇಕು. ಮುಂದೆ ಐವತ್ತು ಗಜದಲ್ಲಿ ಬೈರಯ್ಯ ಹಿಂಡಿಯ ಬುಟ್ಟಿ ಹಿಡಿದು ನಿಂತಿದ್ದ, ಎತ್ತುಗಳು ತಾವಾಗಿ ಅಲ್ಲಿಗೆ ಹೋಗಿ ನಿಲ್ಲಲಿ ಎಂದು. ಓಟ ಶುರುವಾಯಿತು. ಎಕ್ಕ ಬಂತು. ಹೊನ್ನಕ್ಕ ಹಗ್ಗ ಬಿಟ್ಟು, ಎದ್ದು ನಿಂತು, ಹಾರಿದಳು. ಹುಲ್ಲಿನ ಮೇಲೆ ಉರುಳಿ, ಬಾಯ್ತುಂಬ ಮಣ್ಣು ತುಂಬಿಕೊಂಡು, ಆಕಾಶ ನೋಡುತ್ತ ಮಲಗಿದವಳಿಗೆ ತಾನು ಯಾಕೆ ನಗುತ್ತಿದ್ದೇನೆಂದು ತಿಳಿಯಲಿಲ್ಲ. ಇನ್ನೊಂದು ಸಲ ಬೇಕೇ ಎಂದು ತಾನೇ ಕೇಳಿದಳು. ಡೈರೆಕ್ಟರ್ ಬೇಕು ಅಂದ. ಇನ್ನೊಂದು ಸಲ ಹಾರಿದಳು. ಸೆರಗು ಎರಡನೆಯ ಸಲ ನಿಜಕ್ಕೂ ಕಡ್ಡಿಗೆ ಸಿಕ್ಕಿತು, ಎರಡು ಹೊಲಿಗೆ ಪಟ್ಟನೆ ಬಿಟ್ಟು ಚಕ್ರಕ್ಕೆ ಸುತ್ತಿಕೊಂಡು ಹೋಯಿತು. ಅವಳು ಅದಕ್ಕೆ ಸಿಕ್ಕದೆ ಹುಲ್ಲಿಗೆ ಬಿದ್ದಳು. ದರ್ಜಿ ಓಡಿಬಂದು ಚಕ್ರದಿಂದ ಸೆರಗು ಬಿಡಿಸುತ್ತ ದೇವರನ್ನು ನೆನೆದ.

ತಕರಾರು ಬಂದದ್ದು ಆಮೇಲೆ. ಆ ಹಾರುವಿಕೆ ಡೈರೆಕ್ಟರಿಗೆ ಎಷ್ಟು ಹಿಡಿಸಿತೆಂದರೆ ಅವನು ಯೋಜನೆಯನ್ನೇ ಬದಲಾಯಿಸಿದ. ಹಾರುವುದು, ಚಕ್ರ ಕಳಚುವುದು, ಗಾಡಿ ಮಗುಚುವುದು, ಮೂರೂ ಒಂದೇ ಓಟದಲ್ಲಿ, ಎತ್ತುಗಳ ಸಮೇತ ಆಗಲಿ ಎಂದ. ತಮ್ಮಯ್ಯ ಇದನ್ನು ಕನ್ನಡದಲ್ಲಿ ಹೇಳಿದ.

ಹೊನ್ನಕ್ಕ ಕೆಂದನ ಕತ್ತಿನಡಿಯ ಗಂಗೆದೊಗಲು ನೀವುತ್ತ ಕೇಳಿಸಿಕೊಂಡಳು. “ನಾನು ಬೇಕಾರೆ ಇನ್ನತ್ತು ಸಲ ಆರ್ತೀನಿ ಸಾ. ನಂಗೆ ಏಳ್ಕೊಟ್ಟಿದೀರಿ, ಮೆತ್ತೆ ಕಟ್ಟಿದೀರಿ. ಇವುಕ್ಕೆ ಯಾರು ಏಳ್ಕೊಟ್ಟವ್ರೆ? ಗಾಡಿ ಮಗುಚ್ದಾಗ ನೊಗ ಕತ್ತು ತಿರುಚ್ತದೆ. ಎತ್ತು ಕಟ್ಟಿ ಮಗುಚಾಂಗಿದ್ರೆ ನನ್ ಗಾಡಿ ಬ್ಯಾಡಿ.”

ತಮ್ಮಯ್ಯ ಇದನ್ನು ಇಂಗ್ಲಿಷಿಗೆ ತಿರುಗಿಸಿದ. ಅವಳು ಆಡಿದ್ದಕ್ಕಿಂತ ಅವನ ಮಾತು ಉದ್ದವಾಗಿತ್ತು, ಆದ್ದರಿಂದ ತನ್ನದನ್ನೂ ಅವನು ಸೇರಿಸಿದ್ದಾನೆಂದು ಅವಳಿಗೆ ಗೊತ್ತಾಯಿತು. ಡೈರೆಕ್ಟರ್ ಟೊಪ್ಪಿ ತೆಗೆದ, ಹಾಕಿದ, ರಸ್ತೆಯಲ್ಲಿ ಆಚೆ ಈಚೆ ನಡೆದ. ಕೊನೆಗೆ ಮೊದಲಿನ ಯೋಜನೆಯೇ ಆಗಲಿ ಎಂದ.

ಆ ಯೋಜನೆ ಹೀಗಿತ್ತು. ಗಾಡಿ ಮಗುಚುವ ತುಣುಕಿಗೆ ಎತ್ತೂ ಇಲ್ಲ, ಆಳೂ ಇಲ್ಲ. ಅರಕಲಗೂಡಿನಿಂದ ಹೊನ್ನಕ್ಕನದರ ಹಾಗೇ ಇರುವ ಹಳೆಯ ಗಾಡಿಯೊಂದನ್ನು ತಂದು ಅದೇ ಬಣ್ಣ ಬಳಿದರು. ನೊಗ ಕಟ್ಟುವ ಅದರ ಮೂಕಿಮರಕ್ಕೆ ಉಕ್ಕಿನ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಜೀಪಿಗೆ ಸಿಕ್ಕಿಸಿದರು. ಗಾಡಿ ವಾಲಿದ ಕೂಡಲೇ ಜೀಪಿನಲ್ಲಿದ್ದವನು ಕೊಕ್ಕೆ ಬಿಚ್ಚಬೇಕು, ಇಲ್ಲವಾದರೆ ಗಾಡಿ ಜೀಪನ್ನೂ ಜಗ್ಗುತ್ತದೆ. ಕ್ಯಾಮೆರಾವನ್ನು ರಸ್ತೆಯಂಚಿನಲ್ಲಿ ತಗ್ಗಿಗೆ ಇಟ್ಟು ಗಾಡಿಯ ಹಿಂಭಾಗವನ್ನೂ ಚಕ್ರವನ್ನೂ ಮಾತ್ರ ಹಿಡಿಯುವುದರಿಂದ ಮುಂದಿನ ಜೀಪು ಚಿತ್ರದಲ್ಲಿ ಬರುವುದಿಲ್ಲ. ಬಲಗಡೆ ಚಕ್ರದ ಕಡಾಣಿ ತೆಗೆದು, ಕಬ್ಬಿಣದ ಆ ಕೀಲಿನ ಬದಲು ತೆಳ್ಳನೆಯ ಮರದ ಗೂಟ ಹಾಕಿ ಅದಕ್ಕೆ ಹುರಿ ಕಟ್ಟಿದ್ದರು. ಹುರಿ ಎಳೆದರೆ ಗೂಟ ಬರುತ್ತದೆ, ಚಕ್ರ ಕಳಚುತ್ತದೆ. ಮುಂಚೆ ತೆಗೆದ ಓಟ, ಹೊನ್ನಕ್ಕನ ಹಾರಾಟ, ಈ ಮಗುಚುವಿಕೆ, ಕೊನೆಗೆ ನಾಯಕಿ ಮಣ್ಣಲ್ಲಿ ಉರುಳಿ ಮುಖ ಎತ್ತುವುದು, ಇವನ್ನೆಲ್ಲ ಆಮೇಲೆ ಒಂದಕ್ಕೊಂದು ಅಂಟಿಸುತ್ತಾರೆ. ಹಿಂದಿನ ಸಂಜೆ ಸಹಾಯಕರು ಗಾಡಿಯನ್ನು ಕೈಯಿಂದ ತಳ್ಳಿ ಪರೀಕ್ಷೆ ಮಾಡಿದ್ದರು. ಚಕ್ರ ಕಳಚಿ ಎರಡು ಮಾರು ಹೋಗಿ ಪಕ್ಕಕ್ಕೆ ಬಿದ್ದಿತ್ತು.

ಮಗುಚಿಸುವ ದಿನ ಹೊನ್ನಕ್ಕನಿಗೆ ಗಾಡಿಯ ಕೆಲಸವಿರಲಿಲ್ಲ. ಕೆಂಪು ಬಟ್ಟೆ ಕೊಟ್ಟು ತಿರುವಿನ ಹತ್ತಿರ ನಿಲ್ಲಿಸಿದ್ದರು. ಸುದ್ದಿ ಹರಡಿ ನಾಲ್ಕೂರಿನ ಜನ ಸೇರಿದ್ದರು. ಹಗ್ಗ ಕಟ್ಟಿ ಅವರನ್ನು ತಿರುವಿನ ಆಚೆ, ಗಾಡಿ ಮಗುಚುವ ಜಾಗದಿಂದ ಅರವತ್ತು ಗಜ ದೂರಕ್ಕೆ ಕೂರಿಸಿದ್ದರು. ಮಲ್ಲಿಗಮ್ಮ ಮುಂದಿನ ಸಾಲಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಸೀಟಿ ಊದಿದರು. ಕ್ಯಾಮೆರಾ ಓಡತೊಡಗಿತು. ಜೀಪು ಹೊರಟಿತು, ಹಿಂದೆ ಎತ್ತಿಲ್ಲದ ಗಾಡಿ ಧೂಳೆಬ್ಬಿಸುತ್ತ ಬಂತು.

ಹೊನ್ನಕ್ಕ ಬರುವ ಗಾಡಿಯನ್ನು ನೋಡಿದಳು. ರಸ್ತೆ ಬಲಕ್ಕೆ ವಾಲಿದ್ದನ್ನು ನೋಡಿದಳು. ಆ ವಾಲಿನ ನೇರಕ್ಕೆ ಜನ ಕೂತಿದ್ದರು. ಒಮ್ಮೆ ನುಗ್ಗೇಹಳ್ಳಿಯ ಇಳಿಜಾರಿನಲ್ಲಿ ಅವಳದೇ ಚಕ್ರ ಕಳಚಿಕೊಂಡದ್ದುಂಟು. ಅದು ನಿಲ್ಲಲೂ ಇಲ್ಲ, ಬೀಳಲೂ ಇಲ್ಲ, ಗಾಡಿಗಿಂತ ಮುಂದೆ ಓಡಿ ಒಂದು ಹೋಟೆಲಿನ ಮುಂದಿನ ಬೆಂಚು ಮುರಿದು ಒಳಕ್ಕೆ ನುಗ್ಗಿತ್ತು. ಅವಳು ಬಟ್ಟೆ ಎತ್ತಿದಳು.

ತಮ್ಮಯ್ಯ ಸೀಟಿ ಊದಿದ. ಜೀಪು ನಿಂತಿತು. ಹುರಿ ಹಿಡಿದವನು ಕೈ ಬಿಟ್ಟ. ಡೈರೆಕ್ಟರ್ ಕೂತಲ್ಲಿಂದ ಎದ್ದು ಬಂದ. ಬಿಸಿಲು ಇಳಿಯುತ್ತಿತ್ತು, ಓಡಿದ ಫಿಲಂ ಹಾಳಾಗಿತ್ತು. ಅವನು ಏನೇನೋ ಅಂದ, ಅವಳಿಗೆ ಮಾತು ಒಂದೂ ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಬಟ್ಟೆಯನ್ನು ಕೈಯಲ್ಲಿ ಮುದುಡಿಕೊಂಡು ನಿಂತಳು. ತಮ್ಮಯ್ಯ ಇಬ್ಬರ ನಡುವೆ ಬಂದು ನಿಂತು, ಮೊದಲು ಅವಳನ್ನು ಕೇಳೋಣ ಎಂದ.

ಅವಳು ರಸ್ತೆಯ ವಾಲನ್ನೂ ಅದರ ನೇರಕ್ಕೆ ಕೂತ ಜನರನ್ನೂ ತೋರಿಸಿದಳು. ಚಕ್ರ ಅಲ್ಲೇ ಬೀಳುತ್ತದೆಂದು ನಿನ್ನೆ ನೋಡಿದ್ದೇವಲ್ಲ ಎಂದ ಒಬ್ಬ ಸಹಾಯಕ.

“ನಿನ್ನೆ ಕೈಯಲ್ ತಳ್ಳುದ್ರಿ,” ಎಂದಳು ಹೊನ್ನಕ್ಕ. “ಮೆತ್ತಗೋಗೋ ಚಕ್ರ ಬೀಳ್ತದೆ. ಜೋರಾಗೋಗೋದು ನಿಂತ್ಕಂಡೇ ಓಯ್ತದೆ. ಜನಾನ ಆ ಕಡೆ ಏರಿ ಮ್ಯಾಲಕ್ಕೆ ಕಳ್ಸಿ, ಆಮ್ಯಾಲೆ ನೋಡಿ. ನನ್ ಮಾತು ಸುಳ್ಳಾದ್ರೆ ನಾಳೆಯಿಂದ ಬರಲ್ಲ.”

ಜನರನ್ನು ಎಬ್ಬಿಸಿ ಎಡಗಡೆಯ ಏರಿಯ ಮೇಲಕ್ಕೆ ಕಳಿಸಲು ಅರ್ಧ ಗಂಟೆ ಹಿಡಿಯಿತು. ಮುಂದಿನ ಸಾಲು ಹಿಡಿದವರಿಗೆ ಆ ಜಾಗ ಬಿಡುವುದು ಇಷ್ಟವಿರಲಿಲ್ಲ. ಮಲ್ಲಿಗಮ್ಮ ಸೊಸೆಯ ಮೇಲೆ ಗೊಣಗುತ್ತಲೇ ಎದ್ದಳು. ಬೆಳಕು ಇನ್ನು ಒಂದೇ ಸಲಕ್ಕೆ ಸಾಕಾಗುವಷ್ಟಿತ್ತು. ಮತ್ತೆ ಸೀಟಿ, ಮತ್ತೆ ಜೀಪು, ಮತ್ತೆ ಧೂಳು. ಹುರಿ ಎಳೆದರು. ಗಾಡಿಯ ಅಚ್ಚು ನೆಲ ಕಚ್ಚಿತು, ಕೊಕ್ಕೆ ಬಿಚ್ಚಿತು, ಗಾಡಿ ಬಲಕ್ಕೆ ಮೈಮುರಿದು ಮಗುಚಿ ಅದರ ಚಾಪೆ ಕಿತ್ತು ಹಾರಿತು. ಚಕ್ರ ಮಾತ್ರ ಯಾರ ಹಂಗೂ ಇಲ್ಲದೆ ನೆಟ್ಟಗೆ ಹೊರಟಿತು. ತಿರುವಿನಲ್ಲಿ ತಿರುಗದೆ, ಜನ ಕೂತಿದ್ದ ಜಾಗದ ನಡುಮಧ್ಯೆ ಹಾಯ್ದು, ಅವರು ಬಿಟ್ಟುಹೋಗಿದ್ದ ಒಂದು ಬುಟ್ಟಿಯನ್ನು ಚಪ್ಪಟೆ ಮಾಡಿ, ಬೇಲಿ ಮುರಿದು, ತೆಂಗಿನಮರವೊಂದಕ್ಕೆ ಬಡಿದು ಮಲಗಿತು. ಮರದಿಂದ ಎರಡು ಕಾಯಿ ಬಿದ್ದವು.

ಏರಿಯ ಮೇಲಿಂದ ಮಲ್ಲಿಗಮ್ಮ, ಆ ಬುಟ್ಟಿ ತನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಡೈರೆಕ್ಟರ್ ಚಕ್ರದ ಜಾಡನ್ನೇ ಹಿಡಿದು ತೆಂಗಿನಮರದವರೆಗೆ ನಡೆದುಹೋದ. ಹಿಂದಿರುಗುವಾಗ ಟೊಪ್ಪಿ ಕೈಯಲ್ಲಿತ್ತು. ಹೊನ್ನಕ್ಕನ ಮುಂದೆ ನಿಂತು ಮೆಲ್ಲಗೆ ಏನೋ ಹೇಳಿದ. ತಮ್ಮಯ್ಯ ಅದನ್ನು ಕನ್ನಡಕ್ಕೆ ತಂದ. “ನಾನು ಕೂಗಾಡಿದ್ದು ತಪ್ಪು, ಅಂತಾವ್ರೆ. ನಾಳೆಯಿಂದ ಪ್ರತಿ ದೃಶ್ಯಕ್ಕೂ ಮೊದಲು ಜಾಗ ನೋಡಿ ಹೇಳೋಳು ನೀನೇ ಆಗ್ಬೇಕಂತೆ.” ಹೊನ್ನಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಹಾಗಾದರೆ ಮೊದಲು ಅತ್ತೆಗೊಂದು ಬುಟ್ಟಿ ಕೊಡಿಸಲಿ ಎಂದಳು. ಇದನ್ನೂ ತಮ್ಮಯ್ಯ ಇಂಗ್ಲಿಷಿಗೆ ತಿರುಗಿಸಿದಾಗ ಕಂಪನಿಯವರೆಲ್ಲ ನಕ್ಕರು. ಮಾರನೆಯ ದಿನ ಹೊಸ ಬುಟ್ಟಿ ಬಂತು, ಅದರ ತುಂಬ ಬಾಳೆಹಣ್ಣು.

ಕಂಪನಿ ಇನ್ನೂ ಮೂರು ವಾರ ಇತ್ತು. ಹೋಗುವ ಮುಂಚೆ ಒಂದು ಬೆಳಗ್ಗೆ, ಹೊಳೆನರಸೀಪುರದ ಟಾಕೀಸನ್ನು ಗೊತ್ತುಮಾಡಿ, ಮದ್ರಾಸಿನ ಲ್ಯಾಬಿನಿಂದ ತೊಳೆದು ಬಂದ ತುಣುಕುಗಳನ್ನು ಕೆಲಸ ಮಾಡಿದವರಿಗೆಲ್ಲ ತೋರಿಸಿದರು. ಶಬ್ದವಿಲ್ಲ, ಬಣ್ಣವಿಲ್ಲ, ಆದರೆ ಒಬ್ಬ ಸಹಾಯಕ ಆಸೆಪಟ್ಟು ಆ ಅಟ್ಟಿಸಿಕೊಂಡು ಬರುವ ಭಾಗದ ತುಣುಕುಗಳನ್ನು ಸಾಲಾಗಿ ಅಂಟಿಸಿದ್ದ. ಹೊನ್ನಕ್ಕ ಗಂಡ ಮತ್ತು ಅತ್ತೆಯ ನಡುವೆ ಕೂತಿದ್ದಳು. ಪರದೆಯ ಮೇಲೆ ನಾಯಕಿ ನಕ್ಕಳು, ಗಾಡಿ ಹಾರಿತು, ಜೀಪು ಬೆನ್ನಿಗೇ ಬಿತ್ತು. ಎಲ್ಲಿ ಶಿವಯ್ಯ ಮುಗಿದು ಎಲ್ಲಿ ತಾನು ಶುರುವಾದೆನೆಂದು ಅವಳಿಗೇ ಹಿಡಿಯಲಾಗಲಿಲ್ಲ. ಹುಡುಗಿ ಎದ್ದು ನಿಂತಳು, ಹಾರಿದಳು, ಅವಳ ಹಿಂದೆಯೇ ಗಾಡಿ ಮಗುಚಿ ಚಿಂದಿಯಾಯಿತು. ಮಲ್ಲಿಗಮ್ಮ ಪಕ್ಕದಲ್ಲಿದ್ದ ಸೊಸೆಯ ರಟ್ಟೆಯನ್ನು ಉಗುರು ಊರುವಂತೆ ಹಿಡಿದುಕೊಂಡಳು.

“ನಾನು ಇಲ್ಲೇ ಇವ್ನಿ ಕಣತ್ತೆ,” ಎಂದಳು ಹೊನ್ನಕ್ಕ.

“ನೀನಿಲ್ಲಿದೀಯ, ಎತ್ತು ಎಲ್ಲೋದ್ವು?” ಎಂದಳು ಮಲ್ಲಿಗಮ್ಮ, ಪರದೆಯಿಂದ ಕಣ್ಣು ತೆಗೆಯದೆ. ಎತ್ತುಗಳು ಟಾಕೀಸಿನ ಹೊರಗೆ ಹುಣಸೆಮರದ ಕೆಳಗೆ ಮೆಲುಕು ಹಾಕುತ್ತಿವೆಯೆಂದು ಬೈರಯ್ಯ ಎಷ್ಟು ಹೇಳಿದರೂ ಕೇಳದೆ, ಹೊರಗೆ ಹೋಗಿ ಎರಡನ್ನೂ ಮುಟ್ಟಿ ನೋಡಿದ ಮೇಲೇ ಅವಳು ಮತ್ತೆ ಒಳಗೆ ಬಂದದ್ದು.

ಆ ಧಾರಾವಾಹಿಯನ್ನು ಹಳೇಕೋಟೆಯವರು ಯಾರೂ ನೋಡಲಿಲ್ಲ. ಅಂಥ ಪೆಟ್ಟಿಗೆ ಊರಿಗೆ ಬರುವ ಹೊತ್ತಿಗೆ ಅದು ಯಾರ ನೆನಪಿನಲ್ಲೂ ಇರಲಿಲ್ಲ. ಆದರೆ ಅರವತ್ತೊಂಬತ್ತರಲ್ಲಿ ತಮ್ಮಯ್ಯನಿಂದ ಒಂದು ಕಾರ್ಡು ಬಂತು. ಬೇರೆ ಕಂಪನಿಯೊಂದು ಅರಕಲಗೂಡಿನ ಕಡೆ ಚಿತ್ರ ತೆಗೆಯಲು ಬರುತ್ತಿದೆ, ಎಂಟು ಗಾಡಿಗಳ ಕೆಲಸವಿದೆ, ಗಾಡಿಗಳ ಉಸ್ತುವಾರಿಗೆ ನಿನ್ನ ಹೆಸರು ಹೇಳಿದ್ದೇನೆ ಎಂದು ಬರೆದಿದ್ದ. ಹೊನ್ನಕ್ಕ ಆ ಕಾರ್ಡನ್ನು ಶಾಲೆಯ ಮೇಷ್ಟ್ರಿಂದ ಎರಡು ಸಲ ಓದಿಸಿ ಕೇಳಿದಳು. ಮರುದಿನ ಬುತ್ತಿ ಕಟ್ಟಿಕೊಂಡು ಹೊರಟಳು. ಅರಕಲಗೂಡಿನಲ್ಲಿ ಗಾಡಿಯವರು ಎಂಟು ಮಂದಿಯೂ ಗಂಡಸರು, ಮೀಸೆ ತಿರುವಿಕೊಂಡು ಕಾಯುತ್ತಿದ್ದರು. ತಮ್ಮ ಉಸ್ತುವಾರಿಯವರು ಎಲ್ಲಿ ಎಂದು ಒಬ್ಬ ಕೇಳಿದ. ಹೊನ್ನಕ್ಕ ಬುತ್ತಿಯನ್ನು ಮರದ ಕೊಂಬೆಗೆ ತೂಗುಹಾಕಿ, ಸೀರೆಯನ್ನು ಮೇಲೆ ಕಟ್ಟಿ, ಮೊದಲನೆಯ ಗಾಡಿಯ ಬಳಿ ಕೂತು ಕಡಾಣಿ ಅಲ್ಲಾಡಿಸಿ ನೋಡತೊಡಗಿದಳು.